ಎರಡು ವರ್ಷದ ಮಗುವಿಗೆ ದಿನವೂ ಮಾವಿನ ಪಾನೀಯದ ಪ್ಯಾಕೆಟ್: ಲೇಬಲ್ ಏನು ಹೇಳುತ್ತದೆ, ಎಷ್ಟಕ್ಕೆ ನಿಲ್ಲಿಸಬೇಕು?

ಕೊಪ್ಪಳದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎರಡು ವರ್ಷ ಎರಡು ತಿಂಗಳು. ನಾನೂ ನನ್ನ ಯಜಮಾನರೂ ಕೆಲಸಕ್ಕೆ ಹೋಗುವುದರಿಂದ ಹಗಲು ಹೊತ್ತು ಅವನು ಮಾವನವರ ಜೊತೆ ಇರುತ್ತಾನೆ. ಅವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವನನ್ನು ಎತ್ತಿಕೊಂಡು ಕಿರಾಣಿ ಅಂಗಡಿಗೆ ಹೋಗಿ ಮಾವಿನ ಪಾನೀಯದ ಸಣ್ಣ ಪ್ಯಾಕೆಟ್ ಕೊಡಿಸುತ್ತಾರೆ. ಹಣ್ಣಿನದೇ ಅಲ್ಲವೇ, ಚಹಾ ಕುಡಿಸುವುದಕ್ಕಿಂತ ಒಳ್ಳೆಯದು ಎಂಬುದು ಅವರ ವಾದ. ಮಗು ರಾತ್ರಿ ರೊಟ್ಟಿಯನ್ನೂ ಅನ್ನವನ್ನೂ ಮುಟ್ಟುವುದಿಲ್ಲ, ದಿನಕ್ಕೆ ನಾಲ್ಕೈದು ಸಲ ತೆಳ್ಳಗೆ ಮಲವಿಸರ್ಜನೆ ಮಾಡುತ್ತಾನೆ. ಜ್ವರವಿಲ್ಲ, ಆಟವಾಡಿಕೊಂಡು ಚೆನ್ನಾಗಿಯೇ ಇದ್ದಾನೆ.

ಪ್ಯಾಕೆಟ್ಟಿನ ಹಿಂಬದಿ ಇರುವುದನ್ನು ಬರೆದುಕೊಂಡಿದ್ದೇನೆ. ಒಟ್ಟು 150 ಮಿ.ಲೀ. ಪದಾರ್ಥಗಳು: ನೀರು, ಮಾವಿನ ತಿರುಳು (15%), ಸಕ್ಕರೆ, ಆಮ್ಲೀಯತೆ ನಿಯಂತ್ರಕ 330, ಸ್ಥಿರಕಾರಿ 440, ಬಣ್ಣ 110, ಸುವಾಸನೆ. ಪ್ರತಿ 100 ಮಿ.ಲೀ.ಗೆ 56 ಕಿಲೋ ಕ್ಯಾಲರಿ, ಒಟ್ಟು ಸಕ್ಕರೆ 13.5 ಗ್ರಾಂ, ಸೇರಿಸಿದ ಸಕ್ಕರೆ 11.5 ಗ್ರಾಂ. ಒಂದು ಪ್ಯಾಕೆಟ್ಟಿನಿಂದ ದಿನದ ಶಕ್ತಿಯ ಅಗತ್ಯದಲ್ಲಿ ಶೇಕಡಾ 4 ಮಾತ್ರ ಸಿಗುತ್ತದೆ ಎಂದೂ ಅಲ್ಲಿ ಬರೆದಿದೆ. ಶೇಕಡಾ 4 ಎಂದರೆ ಕಡಿಮೆಯೇ ಅಲ್ಲವೇ? ಪಟ್ಟಿಯಲ್ಲಿ ಸಕ್ಕರೆಗಿಂತ ಮೊದಲು ಮಾವಿನ ಹೆಸರು ಬಂದಿದೆ. ಆದ್ದರಿಂದ ಮಾವನವರಿಗೆ ಏನು ಹೇಳಬೇಕೆಂದು ತಿಳಿಯುತ್ತಿಲ್ಲ.

ಸಿಂಧನೂರಿನ ಅಜ್ಜ

ತಾಯಿ, ಮಗುವಿಗೆ ಭೇದಿಯಾಗುತ್ತಿದೆ ಎಂದು ಬರೆದಿದ್ದೀರಿ. ಬೇರೆ ಎಲ್ಲವನ್ನೂ ಬಿಟ್ಟು ಮೊದಲು ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಹೆಸರಿನ ಪಾನೀಯ ತಂದು ಕುಡಿಸಿರಿ. ಕಿತ್ತಳೆ ರುಚಿಯದು ಸಿಗುತ್ತದೆ, ನಮ್ಮ ಮೊಮ್ಮಕ್ಕಳು ಬೇಡವೆನ್ನದೆ ಕುಡಿಯುತ್ತಿದ್ದರು. ಬಿಸಿಲು ಕಾಲದಲ್ಲಿ ನಮ್ಮ ಮನೆಯಲ್ಲಿ ಅದನ್ನು ಯಾವಾಗಲೂ ತಂದು ಇಟ್ಟಿರುತ್ತಿದ್ದೆವು.

ಬ್ರಿಕ್ಸ್ ಮಾಪಕ

ಓಆರ್‌ಎಸ್ ವಿಷಯವನ್ನು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಹೇಳಲಿ. ನಾನು ಹಣ್ಣಿನ ತಿರುಳು ತಯಾರಿಸುವ ಘಟಕವೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವನು. ಆದ್ದರಿಂದ ಲೇಬಲ್ಲಿನ ಮಟ್ಟಿಗೆ ಉತ್ತರಿಸುತ್ತೇನೆ.

ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ನಿಮ್ಮ ಪ್ಯಾಕೆಟ್ಟಿನಲ್ಲಿ 100ಕ್ಕೆ 15 ಪಾಲು ತಿರುಳು, ಸುಮಾರು ಹನ್ನೊಂದೂವರೆ ಪಾಲು ಸಕ್ಕರೆ ಇರುವುದರಿಂದ ತಿರುಳು ಮೊದಲು ಬಂದಿದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ತಿರುಳಿನ ಹೆಚ್ಚಿನ ಭಾಗ ನೀರೇ, ಸಕ್ಕರೆಯಾದರೋ ಪೂರ್ತಿ ಸಕ್ಕರೆ. ಪಾನೀಯಕ್ಕೆ ಬಳಸುವ ಮಾವಿನ ತಿರುಳಿನ ಸಿಹಿ ಸಾಮಾನ್ಯವಾಗಿ ನೂರಕ್ಕೆ ಹದಿನಾಲ್ಕರ ಆಸುಪಾಸು ಇರುತ್ತದೆ. ಹಾಗೆ ಲೆಕ್ಕ ಹಾಕಿದರೆ 15 ಗ್ರಾಂ ತಿರುಳಿನಿಂದ ಬರುವ ಸಿಹಿ ಎರಡು ಗ್ರಾಂ. ಒಟ್ಟು 13.5ರಲ್ಲಿ ಆ ಎರಡನ್ನು ಕಳೆದರೆ ಉಳಿಯುವುದು ಹನ್ನೊಂದೂವರೆ, ಲೇಬಲ್ಲಿನಲ್ಲಿ 'ಆ್ಯಡೆಡ್ ಶುಗರ್ಸ್' ಎಂದು ಬರೆದಿರುವುದೂ ಅಷ್ಟೇ. ಲೆಕ್ಕ ತಾಳೆಯಾಗುತ್ತದೆ. ಅಂದರೆ ಮಗು ಸವಿಯುತ್ತಿರುವ ಸಿಹಿಯಲ್ಲಿ ಆರರಲ್ಲಿ ಐದು ಪಾಲು ಸಕ್ಕರೆಯ ಚೀಲದಿಂದ ಬಂದದ್ದು, ಒಂದು ಪಾಲು ಮಾತ್ರ ಮಾವಿನಿಂದ ಬಂದದ್ದು. 'ಫ್ರೂಟ್ ಡ್ರಿಂಕ್' ಎಂದು ಮಾರಲು ಶೇಕಡಾ 10ರಷ್ಟು ಹಣ್ಣಿನ ಅಂಶವಿದ್ದರೆ ಸಾಕು, ನಿಂಬೆಯದಾದರೆ 5 ಸಾಕು. ಆದ್ದರಿಂದ ಇದು ಕಲಬೆರಕೆಯೂ ಅಲ್ಲ, ನಿಯಮ ಮೀರಿದ ಮಾಲೂ ಅಲ್ಲ.

ಇನ್ನು ಆ ಶೇಕಡಾ 4. ಅದು 2000 ಕಿಲೋ ಕ್ಯಾಲರಿ ಬೇಕಾಗುವ ವಯಸ್ಕರ ಲೆಕ್ಕ. ಸೇರಿಸಿದ ಸಕ್ಕರೆಯ ಶೇಕಡಾವಾರನ್ನೂ ದಿನಕ್ಕೆ 50 ಗ್ರಾಂ ಎಂಬ ವಯಸ್ಕರ ಅಳತೆಗೇ ಹೋಲಿಸಿ ಬರೆಯುತ್ತಾರೆ. ಎರಡು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವುದು ಸಾವಿರದಿಂದ ಸಾವಿರದ ನೂರು ಕಿಲೋ ಕ್ಯಾಲರಿ, ಅಂದರೆ ಅದರ ಅರ್ಧದಷ್ಟು. ಮಕ್ಕಳ ಚಿತ್ರ ಹಾಕಿ ಮಾರುವ ಪ್ಯಾಕೆಟ್ಟಿನ ಮೇಲೂ ಶೇಕಡಾವಾರು ಮಾತ್ರ ದೊಡ್ಡವರದೇ ಇರುತ್ತದೆ. ಆದ್ದರಿಂದ ಆ ಸಾಲನ್ನು ಕಣ್ಣಿಂದ ತೆಗೆದುಹಾಕಿ ಗ್ರಾಂ ಲೆಕ್ಕವನ್ನಷ್ಟೇ ಹಿಡಿಯಿರಿ. ಲೇಬಲ್ಲು 100 ಮಿ.ಲೀ.ಗೆ ಹೇಳುತ್ತದೆ, ಮಗು ಕುಡಿಯುವುದು 150. ಒಂದು ಪ್ಯಾಕೆಟ್ಟಿನಲ್ಲಿ ಸೇರಿಸಿದ ಸಕ್ಕರೆ ಹದಿನೇಳು ಗ್ರಾಂ ದಾಟುತ್ತದೆ, ಎರಡರಲ್ಲಿ ಮೂವತ್ತನಾಲ್ಕು. ಚಹಾ ಚಮಚಕ್ಕೆ ಐದು ಗ್ರಾಂ ಎಂದು ಹಿಡಿದರೆ ಏಳು ಚಮಚದ ಹತ್ತಿರ ಬರುತ್ತದೆ. ಸೇರಿಸಿದ ಸಕ್ಕರೆ, ಹಣ್ಣಿನ ರಸದ ಸಕ್ಕರೆ ಇವೆಲ್ಲವೂ ಕೂಡಿ ದಿನದ ಶಕ್ತಿಯ ಹತ್ತನೇ ಒಂದು ಭಾಗವನ್ನು ಮೀರಬಾರದು, ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಮಗನಿಗೆ ಹತ್ತನೇ ಒಂದು ಭಾಗವೆಂದರೆ ಇಪ್ಪತ್ತೈದು ಗ್ರಾಂ. ಮನೆಯಲ್ಲಿ ಹಾಲಿಗೆ ಹಾಕುವ ಸಕ್ಕರೆಯನ್ನು ನಾನಿನ್ನೂ ಎಣಿಸಿಲ್ಲ.

ತೋರಣಗಲ್ಲಿನ ಅಪ್ಪ

ಸರ್, ತಮ್ಮ ಲೆಕ್ಕ ಸರಿಯಾಗಿದೆ. ಆದರೆ ಇದಕ್ಕೆ ಸುಲಭದ ಪರಿಹಾರವಿದೆ. 'ಡ್ರಿಂಕ್' ಎಂದಿರುವುದನ್ನು ಬಿಟ್ಟು 'ಜ್ಯೂಸ್' ಎಂದಿರುವುದನ್ನು, ಅದರಲ್ಲೂ ಸಕ್ಕರೆ ಸೇರಿಸಿಲ್ಲವೆಂದು ಬರೆದಿರುವುದನ್ನು ಕೊಂಡರಾಯಿತು. ನಾನು ನನ್ನ ಮಗಳಿಗೆ ಸೇಬಿನ ರಸದ ಒಂದು ಲೀಟರ್ ಡಬ್ಬಿ ತರುತ್ತೇನೆ. ಅದರ ಹಿಂದೆ ಸೇರಿಸಿದ ಸಕ್ಕರೆ ಸೊನ್ನೆ ಎಂದು ಸ್ಪಷ್ಟವಾಗಿದೆ. ಒಂದು ವರ್ಷ ತುಂಬಿದ ಮಕ್ಕಳಿಗೆ ದಿನಕ್ಕೆ 120 ಮಿ.ಲೀ. ಅಪ್ಪಟ ರಸ ಕೊಡಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2017ರಲ್ಲಿ ಹೇಳಿದೆ. ಸೊನ್ನೆ ಸಕ್ಕರೆಯಿದ್ದಾಗ ಲೋಟಗಳ ಲೆಕ್ಕ ಇಡುವ ಅಗತ್ಯವೇ ಬರುವುದಿಲ್ಲ.

ಬ್ರಿಕ್ಸ್ ಮಾಪಕ

ಅಣ್ಣಾ, ಅದೇ ಡಬ್ಬಿಯಲ್ಲಿ ಒಂದು ಸಾಲು ಮೇಲೆ 'ಟೋಟಲ್ ಶುಗರ್ಸ್' ಎಂದು ಇರುತ್ತದೆ, ದಯವಿಟ್ಟು ಅದನ್ನೂ ನೋಡಿರಿ. ಸೇಬಿನ ರಸವಾದರೆ 100 ಮಿ.ಲೀ.ಗೆ ಹತ್ತು ಹನ್ನೊಂದು ಗ್ರಾಂ ಇರುತ್ತದೆ, ಮಾವಿನ ಪಾನೀಯಕ್ಕಿಂತ ಬಹಳ ಕಡಿಮೆಯೇನಲ್ಲ. ಇಂತಹ ರಸಗಳಲ್ಲಿ ಬಹುಪಾಲು ನೇರವಾಗಿ ಹಿಂಡಿ ತುಂಬಿದ್ದಲ್ಲ. ರಸದ ನೀರನ್ನು ಆವಿ ಮಾಡಿ, ಅದು ಪಾಕದಂತೆ ಗಟ್ಟಿಯಾದ ಮೇಲೆ ಸಾಗಿಸುತ್ತಾರೆ, ಡಬ್ಬಿಗೆ ತುಂಬುವಲ್ಲಿ ಮತ್ತೆ ನೀರು ಬೆರೆಸುತ್ತಾರೆ. ಪದಾರ್ಥಗಳ ಸಾಲಿನಲ್ಲಿ 'ಕಾನ್ಸಂಟ್ರೇಟ್' ಎಂಬ ಪದವಿದ್ದರೆ ಅದು ಇಂತಹದೇ. ಹೀಗೆ ಮರಳಿ ನೀರು ಬೆರೆಸಿದ ರಸದ ಮೇಲೆ ನೂರಕ್ಕೆ ನೂರು ಹಣ್ಣಿನ ರಸ ಎಂದು ಬರೆಯಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಜೂನ್‌ನಲ್ಲಿ ಕಂಪನಿಗಳಿಗೆ ಸೂಚಿಸಿತು.

ಹಣ್ಣನ್ನು ಅಗಿದು ತಿನ್ನುವಾಗ ಅದರ ಸಕ್ಕರೆಯ ಜೊತೆಗೆ ನಾರೂ ಹೊಟ್ಟೆಗೆ ಹೋಗುತ್ತದೆ, ತಿನ್ನಲು ಸಮಯವೂ ಹಿಡಿಯುತ್ತದೆ. ಒಂದು ಲೋಟ ರಸಕ್ಕೆ ಎರಡು ಮೂರು ಸೇಬು ಬೇಕು. ಅಷ್ಟು ಸೇಬನ್ನು ಎರಡು ವರ್ಷದ ಮಗು ಒಮ್ಮೆಗೆ ತಿನ್ನಲಾರದು, ಆದರೆ ಅವುಗಳ ರಸವನ್ನು ಎರಡು ನಿಮಿಷದಲ್ಲಿ ಕುಡಿದು ಮುಗಿಸುತ್ತದೆ.

ರಾಯಚೂರು ಶುಶ್ರೂಷಕಿ

ಮಕ್ಕಳ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿರುವುದರಿಂದ ಮೊದಲು ಅಜ್ಜನವರಿಗೆ ಉತ್ತರಿಸುತ್ತೇನೆ. ಅಜ್ಜಾ, ತಾವು ಹೇಳುವ ಕಿತ್ತಳೆ ರುಚಿಯ ಪಾನೀಯಗಳು ಓಆರ್‌ಎಸ್ ಎಂಬ ಹೆಸರನ್ನು ಹೊತ್ತಿದ್ದರೂ ಹಲವು ವರ್ಷ ಸಿಹಿ ಪಾನೀಯಗಳಾಗಿಯೇ ಮಾರಾಟವಾದವು. ನಿಜವಾದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಗ್ಲುಕೋಸ್ ಇರುವುದು 13.5 ಗ್ರಾಂ. ನಮ್ಮ ತಾಯಿ ಬರೆದ ಮಾವಿನ ಪಾನೀಯದಲ್ಲಿ ಅಷ್ಟೇ ಸಕ್ಕರೆ ನೂರೇ ಮಿಲಿಲೀಟರಿನಲ್ಲಿದೆ, ಅಂದರೆ ಹತ್ತು ಪಟ್ಟು. ಭೇದಿಯಾಗುತ್ತಿರುವಾಗ ಅಷ್ಟು ಸಿಹಿ ಒಳಗೆ ಹೋದರೆ ಕರುಳು ಇನ್ನಷ್ಟು ನೀರನ್ನು ಎಳೆದುಕೊಂಡು ಭೇದಿ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಈ ಹೆಸರಿನ ದುರ್ಬಳಕೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾಗದ ಯಾವ ಪಾನೀಯವೂ ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸಕೂಡದೆಂದು ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಗುರುತಿಸುವ ದಾರಿ ಸುಲಭವಾಗಿದೆ. ಹದಿನಾಲ್ಕು ಅಂಕೆಯ ಆಹಾರ ಪರವಾನಗಿ ಸಂಖ್ಯೆಯಿದ್ದರೆ ಅದು ಆಹಾರ ಪಾನೀಯ, ಭೇದಿಗೆ ಕೊಡುವ ಔಷಧವಲ್ಲ. ಪುಡಿಯ ಪೊಟ್ಟಣ ತಂದು, ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಇಡೀ ಪೊಟ್ಟಣವನ್ನು ಒಮ್ಮೆಗೇ ಕರಗಿಸಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಲೋಟಕ್ಕೆ ಹಾಕುವುದು ಸರಿಯಲ್ಲ.

ಕೊಪ್ಪಳದ ಅಕ್ಕ, ನಿಮ್ಮ ಮಗನದು ಸೋಂಕಿನ ಭೇದಿಯಂತೆ ಕಾಣುವುದಿಲ್ಲ. ಜ್ವರವಿಲ್ಲದೆ, ಆಟವಾಡಿಕೊಂಡಿರುವ ಈ ವಯಸ್ಸಿನ ಮಗು ದಿನಕ್ಕೆ ನಾಲ್ಕೈದು ಸಲ ತೆಳ್ಳಗೆ ಹೋಗುತ್ತಿದ್ದರೆ, ಹಣ್ಣಿನ ರಸ ಮತ್ತು ಸಿಹಿ ಪಾನೀಯ ಎಷ್ಟು ಕುಡಿಯುತ್ತದೆ ಎಂಬುದೇ ನಾವು ಕೇಳುವ ಮೊದಲ ಪ್ರಶ್ನೆ. ತೋರಣಗಲ್ಲಿನ ಅಣ್ಣನವರೂ ಇದನ್ನು ಗಮನಿಸಲಿ. ಸೇಬಿನ ರಸದಲ್ಲಿರುವ ಸಾರ್ಬಿಟಾಲ್ ಮತ್ತು ಹೆಚ್ಚಿನ ಫ್ರಕ್ಟೋಸನ್ನು ಚಿಕ್ಕ ಮಕ್ಕಳ ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ನೀರನ್ನು ಎಳೆದುಕೊಂಡು ಹೊರಬೀಳುತ್ತದೆ. ಎಷ್ಟೋ ಮಕ್ಕಳಲ್ಲಿ ಪಾನೀಯ ನಿಂತ ಕೆಲವೇ ದಿನಗಳಲ್ಲಿ ಮಲ ಗಟ್ಟಿಯಾಗುತ್ತದೆ. ಆದರೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತವಿದ್ದರೆ, ರಾತ್ರಿ ನಿದ್ದೆಯಿಂದ ಎದ್ದು ಭೇದಿ ಮಾಡಿಕೊಳ್ಳುತ್ತಿದ್ದರೆ ಕಾಯುತ್ತ ಕೂರದೆ ವೈದ್ಯರಿಗೆ ತೋರಿಸಿರಿ. ಅಂಗನವಾಡಿಯಲ್ಲಿ ಬರೆಸಿದ ತೂಕದ ಚೀಟಿಯಿದ್ದರೆ ಅದನ್ನು ಜೊತೆಗೆ ಒಯ್ಯಿರಿ.

ರಾತ್ರಿ ಊಟ ಬಿಡುವುದಕ್ಕೂ ಕಾರಣ ಇಲ್ಲೇ ಇದೆ. ಎರಡು ಪ್ಯಾಕೆಟ್ಟಿನ ಶಕ್ತಿ ಕೂಡಿಸಿದರೆ 168 ಕಿಲೋ ಕ್ಯಾಲರಿ, ಹೆಚ್ಚುಕಡಿಮೆ ಒಂದು ಜೋಳದ ರೊಟ್ಟಿಯಷ್ಟು. ಅವನ ಇಡೀ ದಿನದ ಅಗತ್ಯದಲ್ಲಿ ಆರನೇ ಒಂದು ಭಾಗ. ರೊಟ್ಟಿಯಲ್ಲಿರುವ ಕಬ್ಬಿಣಾಂಶವಾಗಲಿ ಪ್ರೋಟೀನ್ ಆಗಲಿ ಅದರಲ್ಲಿ ಇಲ್ಲ, ಹಸಿವು ಮಾತ್ರ ತೀರುತ್ತದೆ.

ತೋರಣಗಲ್ಲಿನ ಅಪ್ಪ

ಹಾಗಾದರೆ 120 ಮಿ.ಲೀ. ಎಂದು ಅಮೆರಿಕದ ವೈದ್ಯರು ಹೇಳಿರುವುದು ತಪ್ಪೇ?

ರಾಯಚೂರು ಶುಶ್ರೂಷಕಿ

ತಪ್ಪಲ್ಲ, ಆದರೆ ಅವರು ಹೇಳಿರುವುದು ಅದಕ್ಕಿಂತ ಹೆಚ್ಚು ಬೇಡ ಎಂದು. ಅಷ್ಟು ಕೊಡಲೇಬೇಕೆಂದು ಅವರು ಹೇಳಿಲ್ಲ, ಅದೂ ಸಕ್ಕರೆ ಸೇರಿಸದ ಅಪ್ಪಟ ರಸಕ್ಕೆ ಮಾತ್ರ. ನಮ್ಮ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಇನ್ನೂ ಬಿಗಿಯಾಗಿ ಹೇಳಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಹಣ್ಣಿನ ರಸವಾಗಲಿ ಹಣ್ಣಿನ ಪಾನೀಯವಾಗಲಿ ಬೇಡವೇ ಬೇಡ, ಎರಡರಿಂದ ಐದು ವರ್ಷದವರೆಗೆ ದಿನಕ್ಕೆ 125 ಮಿ.ಲೀ. ದಾಟಬಾರದು, ರಸಕ್ಕಿಂತ ಹಣ್ಣೇ ಮೇಲು ಎಂಬುದು ಅದರ ಸಲಹೆ. ಒಂದು ವರ್ಷ ತುಂಬದ ಕೂಸುಗಳಿಗೆ ಬೇಡವೆಂಬುದರಲ್ಲಿ ಇಬ್ಬರದೂ ಒಂದೇ ಮಾತು. ಒಂದರಿಂದ ಎರಡು ವರ್ಷದ ನಡುವೆ ಮಾತ್ರ ಭಿನ್ನಾಭಿಪ್ರಾಯವಿದೆ. ನಾನು ತಾಯಂದಿರಿಗೆ ಅಕಾಡೆಮಿಯ ಮಾತನ್ನೇ ಹೇಳುತ್ತೇನೆ, ಏಕೆಂದರೆ ಇಲ್ಲಿನ ಮಕ್ಕಳಲ್ಲಿ ರಕ್ತಹೀನತೆ ಹೆಚ್ಚು, ಹೊಟ್ಟೆಯಲ್ಲಿರುವ ಸ್ವಲ್ಪ ಜಾಗವನ್ನು ರಸಕ್ಕೆ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

ಲಿಂಗಸುಗೂರಿನವಳು

ನನ್ನದು ಬೇರೆಯೇ ತೊಂದರೆ. ನನ್ನ ಮಗಳಿಗೆ ಮೂರು ವರ್ಷ. ನಾನು ಪ್ಯಾಕೆಟ್ ಕೊಡುವುದೇ ಇಲ್ಲ, ಮನೆಯಲ್ಲಿಯೇ ಮೋಸಂಬಿ ಹಿಂಡಿ, ಅರ್ಧಕ್ಕರ್ಧ ನೀರು ಬೆರೆಸಿ, ಸ್ವಲ್ಪ ಬೆಲ್ಲ ಹಾಕಿ ಬಾಟಲಿಯಲ್ಲಿ ಕೊಡುತ್ತೇನೆ. ಅವಳು ದಿನವಿಡೀ ಅದನ್ನು ಹಿಡಿದುಕೊಂಡು ಓಡಾಡುತ್ತಾಳೆ, ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾಳೆ. ಈಗ ಮೇಲಿನ ಮುಂದಿನ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿ ಅಂಚು ಮುರಿಯುತ್ತಿವೆ. ಅತ್ತೆಯವರು ಇದು ನಮ್ಮ ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಎನ್ನುತ್ತಾರೆ. ಇದು ನಿಜವೇ?

ರಾಯಚೂರು ಶುಶ್ರೂಷಕಿ

ಈ ಭಾಗದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿರುವುದು ನಿಜ. ಆದರೆ ಫ್ಲೋರೈಡಿನ ಗುರುತು ಹೆಚ್ಚಾಗಿ ಶಾಶ್ವತ ಹಲ್ಲುಗಳಲ್ಲಿ ಕಾಣಿಸುತ್ತದೆ. ಮೂರು ವರ್ಷಕ್ಕೇ ಮೇಲಿನ ಮುಂದಿನ ಹಾಲುಹಲ್ಲುಗಳು ಮೊದಲು ಹಾಳಾಗಿ ಅಂಚು ಮುರಿಯುವುದು ಬಾಟಲಿಯಿಂದಾಗುವ ಹುಳುಕಿನ ಲಕ್ಷಣ. ದಂತ ವೈದ್ಯರು ನೋಡಿಯೇ ಖಚಿತಪಡಿಸಬೇಕು, ತಡಮಾಡಬೇಡಿರಿ. ನೀರು ಬೆರೆಸಿದರೆ ಒಂದು ಗುಟುಕಿನ ಸಕ್ಕರೆ ಅರ್ಧವಾಗುತ್ತದೆ ನಿಜ, ಆದರೆ ಗುಟುಕುಗಳ ಸಂಖ್ಯೆ ಹೆಚ್ಚಾದರೆ ಹಲ್ಲಿಗೆ ಬಿಡುವೇ ಸಿಗುವುದಿಲ್ಲ. ರಾತ್ರಿ ಬಾಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಆಗಿನ ಸಿಹಿ ಎಲ್ಲಕ್ಕಿಂತ ಕೆಟ್ಟದ್ದು. ಬೆಲ್ಲವೂ ಈ ಲೆಕ್ಕದಲ್ಲಿ ಸಕ್ಕರೆಯೇ. ಬಾಟಲಿಯಲ್ಲಿ ಇನ್ನು ಮುಂದೆ ನೀರು ಮಾತ್ರ ಇರಲಿ. ರಸ ಕೊಡುವುದೇ ಆದರೆ ಲೋಟದಲ್ಲಿ, ಊಟದ ಜೊತೆ, ಒಮ್ಮೆ ಕೊಡಿರಿ.

ತೋರಣಗಲ್ಲಿನ ಅಪ್ಪ

ನೀರು ಬೆರೆಸುವುದರ ಬಗ್ಗೆ ನನ್ನ ಅನುಭವ ಬೇರೆ. ನಾವು ಪ್ರತಿ ವಾರ ನೀರಿನ ಪಾಲು ಹೆಚ್ಚಿಸುತ್ತ ಬಂದು ಕೊನೆಗೆ ಮಗಳು ಬರೀ ನೀರನ್ನೇ ಕುಡಿಯುವಂತಾದಳು. ಒಮ್ಮೆಲೇ ನಿಲ್ಲಿಸಿದ್ದರೆ ಮನೆಯಲ್ಲಿ ರಂಪವಾಗುತ್ತಿತ್ತು.

ರಾಯಚೂರು ಶುಶ್ರೂಷಕಿ

ಬಿಡಿಸುವ ಉಪಾಯವಾಗಿ ಒಪ್ಪುತ್ತೇನೆ, ಅದೂ ಹಗಲಿನಲ್ಲಿ ಮತ್ತು ಲೋಟದಲ್ಲಿ. ಹಲ್ಲು ಹಾಳಾಗುತ್ತಿರುವ ಮಗುವಿಗೆ ಮಾತ್ರ ರಾತ್ರಿಯ ಬಾಟಲಿಯನ್ನು ಅಂದೇ ನಿಲ್ಲಿಸಬೇಕೆಂಬುದು ನನ್ನ ಮಾತು.

ಗಂಗಾವತಿ ಕಿರಾಣಿ

ಅಂಗಡಿಯವನ ಮಾತನ್ನೂ ಸ್ವಲ್ಪ ಕೇಳಿರಿ. ನಮ್ಮಲ್ಲಿಗೆ ಬರುವ ಅಜ್ಜಂದಿರಿಗೆ ಓದಲು ಬಂದರೂ ಲೇಬಲ್ಲು ಕನ್ನಡದಲ್ಲಿ ಇರುವುದೇ ಅಪರೂಪ. ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕೆಂಬುದು ನಿಯಮ, ಬೇರೆ ಭಾಷೆ ಹಾಕುವುದು ಕಂಪನಿಯ ಇಚ್ಛೆ. ಒಂದೆರಡು ರೂಪಾಯಿಯ ಜೆಲ್ಲಿ, ಪೆಪ್ಪರಮಿಂಟುಗಳ ಪೊಟ್ಟಣದ ಮೇಲಂತೂ ಸಕ್ಕರೆಯ ವಿವರ ಕಾಣುವುದೇ ಇಲ್ಲ.

ಮಕ್ಕಳ ಕೈಗೆ ಎಟಕುವಂತೆ ಮಾಲೆ ತೂಗುಹಾಕುತ್ತೀರಿ ಎಂದು ನಮ್ಮನ್ನು ಬೈಯುತ್ತಾರೆ. ಹಾಕುತ್ತೇವೆ, ಇಲ್ಲವೆನ್ನುವುದಿಲ್ಲ. ಆದರೆ ಮಗು ಅತ್ತ ಮೇಲೆ ಪ್ಯಾಕೆಟ್ ಕೈಗಿಡುವವರು ದೊಡ್ಡವರು. ಪಕ್ಕದಲ್ಲೇ ಬಾಳೆಹಣ್ಣಿನ ಗೊನೆಯೂ ತೂಗುತ್ತಿರುತ್ತದೆ, ಅದನ್ನು ಕೇಳುವವರು ಕಡಿಮೆ.

ಬ್ರಿಕ್ಸ್ ಮಾಪಕ

ಅಂಗಡಿಯ ಅಣ್ಣನವರು ಹೇಳಿದ್ದು ಸರಿ. ತೀರಾ ಚಿಕ್ಕ ಪೊಟ್ಟಣಗಳ ಮೇಲೆ ಜಾಗವಿಲ್ಲವೆಂದು ಪೋಷಕಾಂಶದ ಪಟ್ಟಿಗೆ ವಿನಾಯಿತಿ ಇದೆ, ಅವು ಬರುವ ದೊಡ್ಡ ಪೆಟ್ಟಿಗೆಯ ಮೇಲೆ ವಿವರ ಇರಬೇಕು. ಕೇಳಿದರೆ ಅಂಗಡಿಯವರು ತೋರಿಸಬಹುದು.

ಕೊಪ್ಪಳದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಏಳು ಚಮಚ ಸಕ್ಕರೆಯನ್ನು ಲೋಟಕ್ಕೆ ಅಳೆದು ಹಾಕಿ ಮಾವನವರ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ, ಹಾಗಾದರೆ ಬಿಸ್ಕತ್ತು ಕೊಡಿಸುತ್ತೇನೆ ಎಂದರು. ಹಾಲು ಮತ್ತು ಗೋಧಿಯ ಚಿತ್ರವಿರುವ ಬಿಸ್ಕತ್ತು ಅದು. ಪದಾರ್ಥಗಳು: ಮೈದಾ, ಸಕ್ಕರೆ, ತಾಳೆ ಎಣ್ಣೆ, ಇನ್ವರ್ಟ್ ಸಿರಪ್, ಹಾಲಿನ ಪುಡಿ, ಲಿಕ್ವಿಡ್ ಗ್ಲುಕೋಸ್, ಉಪ್ಪು. 100 ಗ್ರಾಂಗೆ ಸಕ್ಕರೆ 26 ಗ್ರಾಂ.

ಬ್ರಿಕ್ಸ್ ಮಾಪಕ

ಇಲ್ಲಿ ಸಿಹಿ ಮೂರು ಹೆಸರಿನಲ್ಲಿ ಹಂಚಿಹೋಗಿರುವುದನ್ನು ಗಮನಿಸಿರಿ. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲುಕೋಸ್ ಮೂರೂ ಒಂದೇ ಕೆಲಸದವು. ಚಿತ್ರದಲ್ಲಿ ದೊಡ್ಡದಾಗಿರುವ ಹಾಲು ಪಟ್ಟಿಯಲ್ಲಿ ಇನ್ವರ್ಟ್ ಸಿರಪ್ಪಿಗಿಂತಲೂ ಹಿಂದೆ ಬಿದ್ದಿದೆ, ಗೋಧಿಯೆಂದರೆ ಮೈದಾ. ಐದು ಗ್ರಾಮಿನ ಬಿಸ್ಕತ್ತಿಗೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಸಕ್ಕರೆ ಬರುತ್ತದೆ. ಒಂದೆರಡು ತಿಂದರೆ ಅಂತಹ ಹಾನಿಯಿಲ್ಲ, ಇಡೀ ಪೊಟ್ಟಣ ಕೈಗಿಟ್ಟರೆ ಮತ್ತೆ ಪಾನೀಯದ ಲೆಕ್ಕಕ್ಕೇ ಬರುತ್ತೀರಿ. ಖಾರದ ಕುರುಕಲು ಪೊಟ್ಟಣಗಳಲ್ಲಿ ಸಕ್ಕರೆಯ ಬದಲು 'ಸೋಡಿಯಂ' ಸಾಲನ್ನು ನೋಡಬೇಕು. ಅಲ್ಲಿಯೂ ಶೇಕಡಾವಾರು ದೊಡ್ಡವರದೇ.

ರಾಯಚೂರು ಶುಶ್ರೂಷಕಿ

ಮಾವನವರಿಗೆ ಅಂಗಡಿಗೆ ಹೋಗುವುದನ್ನೇ ಬಿಡಿರಿ ಎಂದು ಹೇಳಬೇಡಿರಿ, ಅಕ್ಕ. ಮೊಮ್ಮಗನನ್ನು ಎತ್ತಿಕೊಂಡು ಹೋಗುವುದು ಅವರಿಗೂ ಬೇಕು. ಕೊಡಿಸುವುದು ಬಾಳೆಹಣ್ಣಾಗಲಿ, ಇಲ್ಲವೇ ಮನೆಗೆ ತಂದು ಅವರೇ ಹೆಚ್ಚಿ ಕೊಡುವ ಮೆತ್ತಗಿನ ಪೇರಲ, ಪಪ್ಪಾಯಿ ಆಗಲಿ. ಪೇರಲದ ಬೀಜದ ಭಾಗವನ್ನು ತೆಗೆದು ಕೊಡಿರಿ. ಪ್ಯಾಕೆಟ್ಟಿನ ಪಾನೀಯ, ಕುರುಕಲು ಇವೆಲ್ಲ ಸೇರಿ ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ಬೇಡವೆಂದು ಅಕಾಡೆಮಿ ಹೇಳುತ್ತದೆ. ಆ ಒಂದು ಸಲ ಯಾವಾಗ ಎಂಬುದನ್ನು ಮಾವನವರೇ ನಿರ್ಧರಿಸಲಿ. ಬಾಯಾರಿದಾಗ ನೀರು, ಊಟದ ಜೊತೆ ತೆಳು ಮಜ್ಜಿಗೆ ಸಾಕು. ಹಾಲನ್ನೂ ದಿನಕ್ಕೆ ಅರ್ಧ ಲೀಟರಿನೊಳಗೆ ಇಡಿರಿ, ಅದು ಮೀರಿದರೂ ಊಟ ಕೆಡುತ್ತದೆ.

ಸಿಂಧನೂರಿನ ಅಜ್ಜ

ಔಷಧದ ಪೊಟ್ಟಣದ ವಿಷಯವನ್ನು ಒಪ್ಪಿದೆ. ಮಗಳಿಗೆ ಫೋನ್ ಮಾಡಿ ಕಪಾಟಿನಲ್ಲಿರುವುದನ್ನು ತಿರುಗಿಸಿ ನೋಡು ಎಂದು ಹೇಳಿದ್ದೇನೆ. ಆದರೆ ಅಜ್ಜಂದಿರ ಪರವಾಗಿ ಒಂದು ಮಾತು. ವಾರಕ್ಕೊಮ್ಮೆ ಎಂದರೆ ಮಗು ಉಳಿದ ಆರು ದಿನ ಅಂಗಡಿಯ ಮುಂದೆ ಅಳುತ್ತದೆ. ಅದನ್ನು ಎತ್ತಿಕೊಂಡು ಬರುವವರು ನಾವು, ಕೆಲಸಕ್ಕೆ ಹೋದವರಲ್ಲ. ಕಬ್ಬಿನ ಹಾಲು, ಎಳನೀರು ಕುಡಿಸಬಹುದೇ?

ರಾಯಚೂರು ಶುಶ್ರೂಷಕಿ

ಅಜ್ಜಾ, ಕಬ್ಬಿನ ಹಾಲು ಬೇಡ, ಅದರಲ್ಲಿ ಸಕ್ಕರೆ ಪ್ಯಾಕೆಟ್ಟಿನ ಪಾನೀಯದಷ್ಟೇ ಇರುತ್ತದೆ, ಮಂಜುಗಡ್ಡೆ ಯಾವ ನೀರಿನದೆಂಬುದೂ ತಿಳಿಯುವುದಿಲ್ಲ. ಎಳನೀರಿನಲ್ಲಿ ಸಿಹಿ ಕಡಿಮೆ, ಒಮ್ಮೊಮ್ಮೆ ಸ್ವಲ್ಪ ಕೊಡಬಹುದು, ಆದರೆ ಸೋಡಿಯಂ ಕಡಿಮೆಯಿರುವುದರಿಂದ ಭೇದಿಯಾದಾಗ ಅದು ಓಆರ್‌ಎಸ್ ಬದಲಿಗೆ ಬರುವುದಿಲ್ಲ. ಅಳುವಿನ ವಿಷಯದಲ್ಲಿ ತಾವು ಹೇಳುವುದು ನಿಜ. ಅದಕ್ಕೆ ನನ್ನ ಬಳಿ ಇರುವ ಉತ್ತರವೆಂದರೆ ಕೆಲವು ದಿನ ಬೇರೆ ಓಣಿಯಿಂದ ಹೋಗಿ ಬನ್ನಿರಿ ಎನ್ನುವುದಷ್ಟೇ.

ಗಂಗಾವತಿ ಕಿರಾಣಿ

ಮೇಡಂ, ಆ ಓಣಿಯಲ್ಲೂ ಒಂದು ಅಂಗಡಿ ಇದ್ದೇ ಇರುತ್ತದೆ.